ಹನ್ನೊಂದನೆಯ ರೊಟ್ಟಿ

ನನಗೆ ಅನುಮಾನದ ಸ್ವಭಾವ ಮೊದಲಿನಿಂದಲೂ ಇದೆ. ಅಂಗಡಿಯವನು ನಗುತ್ತಾ ಮಾತಾಡಿಸಿದರೆ ನನ್ನ ಕಣ್ಣು ತಕ್ಕಡಿಯ ಕಡೆ ಹೋಗುತ್ತದೆ. ಬೀಗರು ಬಹಳ ಉಪಚಾರ ಮಾಡಿದರೆ ಏನೋ ಕೇಳಲಿಕ್ಕಿದ್ದಾರೆ ಅಂದುಕೊಳ್ಳುತ್ತೇನೆ. "ನೀ ದೇವರ ಪ್ರಸಾದಾನೂ ಮೂಸಿ ನೋಡಾಕಿ" ಎಂದು ನನ್ನ ಗಂಡ ಇದ್ದಾಗ ಚೇಷ್ಟೆ ಮಾಡುತ್ತಿದ್ದರು. ಮಾತು ಸುಳ್ಳಲ್ಲ. ಇಂಥ ನಾನು ಒಂದು ದೊಡ್ಡ ಕಂಪನಿಯ ಜೊತೆ ವ್ಯವಹಾರಕ್ಕೆ ಕೂತು, ಅವರು ಬಾಯಿಬಿಟ್ಟು ಕೇಳದಿದ್ದುದನ್ನು ನನ್ನ ಕೈಯಾರೆ ಕೊಟ್ಟು ಬಂದೆ. ಅದನ್ನು ವಾಪಸು ಪಡೆಯಲು ಪಟ್ಟ ಪಾಡು ಇದು.

ನಮ್ಮದು ಅಣ್ಣಿಗೇರಿಯಿಂದ ಸ್ವಲ್ಪ ಒಳಗಿರುವ ಊರು. ನಮ್ಮ ಮನೆಯ ಪಡಸಾಲೆಯಲ್ಲಿ ನಾನೂ ಇನ್ನೂ ಏಳು ಜನ ಹೆಣ್ಣುಮಕ್ಕಳೂ ಕೂಡಿ ಖಡಕ್ ರೊಟ್ಟಿ ಮಾಡುತ್ತೇವೆ. ತಿರ್ಲಾಪುರದ ಕಡೆಯ ಬಿಳಿಜೋಳ ತರಿಸುತ್ತೇವೆ. ಹಿಟ್ಟು ನಾದುವವರು, ಬಡಿಯುವವರು, ಬೇಯಿಸುವವರು, ಬೆಂದದ್ದನ್ನು ಒಲೆಯ ಕಾವಿಗೆ ನಿಲ್ಲಿಸಿ ಗರಿಗರಿ ಮಾಡುವವರು ಎಂದು ಕೆಲಸ ಹಂಚಿಕೊಂಡಿದ್ದೇವೆ. ಎಲ್ಲರ ಕೂಲಿಯೂ ರೊಟ್ಟಿಯ ಎಣಿಕೆಯ ಮೇಲೆ, ನೂರಕ್ಕೆ ಇಷ್ಟು ಎಂದು. ಮಾರುವುದೂ ನೂರರ ಲೆಕ್ಕದಲ್ಲೇ. ಹುಬ್ಬಳ್ಳಿಯ ಖಾನಾವಳಿಗಳು, ಹಾಸ್ಟೆಲ್ಲುಗಳು, ಮದುವೆಯ ಮನೆಗಳು ನಮ್ಮ ಗಿರಾಕಿಗಳು.

ಬಾಗಿಲಿಗೆ ಬಂದು ಕೊಳ್ಳುವವರಿಗೆ ನೂರು ಎಣಿಸಿ ಕೊಟ್ಟ ಮೇಲೆ ನಾಲ್ಕು ರೊಟ್ಟಿ ಮೇಲಿಡುತ್ತೇವೆ. ಅದು ಕೊಸರು. ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳೂ ತೂಕ ಮುಗಿದ ಮೇಲೆ ಒಂದು ಹಿಡಿ ಹಾಕುತ್ತಾಳಲ್ಲ, ಹಾಗೆ. ಅದರ ಕೂಲಿ ಯಾರೂ ಕೇಳುವುದಿಲ್ಲ, ಅದನ್ನು ಯಾರೂ ಬರೆದಿಡುವುದಿಲ್ಲ. ಎಣಿಕೆ ಮುಗಿದ ಕೈ ಖಾಲಿ ಹಿಂದೆ ಬರಬಾರದು ಎಂದು ನನ್ನ ಅತ್ತೆ ಕಲಿಸಿದ್ದರು. ಅಷ್ಟೇ ಅದರ ಶಾಸ್ತ್ರ.

ಕಂಪನಿಯವರು ಬಂದದ್ದು ಒಂದು ಬಿಳಿ ಕಾರಿನಲ್ಲಿ. ಊರೂರಿಗೆ ದೊಡ್ಡ ದೊಡ್ಡ ಅಂಗಡಿ ತೆರೆದಿರುವ ಕಂಪನಿ. ಒಳಗೆ ಹೋದರೆ ಗಾಡಿ ತಳ್ಳಿಕೊಂಡು ಸಾಮಾನು ತೆಗೆದುಕೊಳ್ಳಬೇಕು, ಯಾರ ಜೊತೆಯೂ ಚೌಕಾಸಿ ಮಾಡುವ ಹಾಗಿಲ್ಲ. ಅದರ ಖರೀದಿ ಮ್ಯಾನೇಜರ್ ನಮ್ಮ ಪಡಸಾಲೆಯಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮೂವತ್ತೈದರ ಆಸುಪಾಸಿನವರು, ಹುಟ್ಟಿ ಬೆಳೆದದ್ದು ಧಾರವಾಡದಲ್ಲೇ ಎಂದರು. ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿಯ ಜೊತೆ ಎರಡು ರೊಟ್ಟಿ ಮುರಿದು ತಿಂದರು, ನಮ್ಮವ್ವನ ಕೈ ನೆನಪಾತ್ರಿ ಎಂದರು. ನಾನು ಆಗಲೇ ಎಚ್ಚರಾದೆ. ಆಮೇಲೆ ಗಮನಿಸಿದೆ, ದರ, ನಿಯಮ, ಷರತ್ತು ಎಂದರೆ ಅವರ ಬಾಯಲ್ಲಿ ಆಫೀಸಿನ ಕನ್ನಡ ಬರುತ್ತಿತ್ತು; ನಮ್ಮನ್ನು ಒಪ್ಪಿಸಬೇಕಾದಾಗ ಮಾತ್ರ ಧಾರವಾಡದ ಮಾತು. ಅವರು 'ಅಕ್ಕಾರ' ಎಂದಾಗಲೆಲ್ಲ ನಾನು ಸೆರಗು ಬಿಗಿ ಮಾಡಿಕೊಳ್ಳುತ್ತಿದ್ದೆ.

ಪ್ಯಾಕೆಟ್ಟಿಗೆ ಹತ್ತು ರೊಟ್ಟಿ ಎಂದು ಮಾತಾಯಿತು. ಪರೀಕ್ಷೆಗೆ ಆರು ಪ್ಯಾಕೆಟ್ ಕೊಡಿ ಎಂದರು. ನಾನೇ ಆರಿಸಿದೆ, ಅಂಚು ಒಡೆಯದ, ಎಲ್ಲೂ ಕರಿ ಹತ್ತದ ರೊಟ್ಟಿಗಳನ್ನು. ಪಾರದರ್ಶಕ ಚೀಲದಲ್ಲಿ ಎಣಿಸಿ ಇಟ್ಟು, ಬಿಳಿ ಪಟ್ಟಿಯ ಮೇಲೆ ಪೆನ್ನಿನಿಂದ '೧೦ ರೊಟ್ಟಿ' ಎಂದು ಬರೆದೆ. ಕಟ್ಟುವ ಮೊದಲು ಪ್ರತಿ ಚೀಲದೊಳಗೂ ಮೇಲೆ ಇನ್ನೊಂದು ರೊಟ್ಟಿ ಇಟ್ಟೆ. ಯೋಚಿಸಿ ಇಟ್ಟದ್ದಲ್ಲ, ಮನೆ ಬಾಗಿಲಿಗೆ ಬಂದ ದೊಡ್ಡ ಗಿರಾಕಿ ಎಂದು ಕೈ ತಾನೇ ಇಟ್ಟಿತು.

ಮುಂದಿನ ಒಂದೂವರೆ ತಿಂಗಳು ಕಾಗದಪತ್ರದ ಕಾಟ. ಆಹಾರ ಪರವಾನಗಿ ನಮ್ಮಲ್ಲಿ ಮೊದಲೇ ಇತ್ತು, ಬಾರ್‌ಕೋಡ್ ಹೊಸದಾಗಿ ಮಾಡಿಸಿದೆವು. ಕರಾರು ಇಂಗ್ಲಿಷಿನಲ್ಲಿ ಬಂತು. ಬಿ.ಕಾಂ. ಓದಿರುವ ನನ್ನ ಸೊಸೆ ಒಂದೊಂದು ಸಾಲು ಓದಿ ಹೇಳಿದಳು, ನಾನು ಒಂದೊಂದು ಸಾಲಿಗೂ ಜಗಳ ತೆಗೆದೆ. ಮಾರಾಟವಾಗದ ಮಾಲನ್ನು ವಾಪಸು ಕಳಿಸುತ್ತೇವೆ ಎಂದಿದ್ದರು; ಒಡೆದ ರೊಟ್ಟಿಯನ್ನು ನಾವು ತಿನ್ನೋಣವೇನು ಎಂದು ಫೋನಿನಲ್ಲಿ ಕೂಗಾಡಿದೆ. ಅವರ ಗೋದಾಮಿನ ಒಳಗೆ ಹೋದ ಮೇಲೆ ಒಡೆದದ್ದು ಅವರದೇ ಎಂದು ಬರೆಸಿಕೊಂಡೆ. ಬೇರೆ ಯಾವ ದೊಡ್ಡ ಅಂಗಡಿಗೂ ಮಾರಬಾರದು ಎಂಬ ಸಾಲನ್ನು ಹೊಡೆಸಿ ಹಾಕಿದೆ. ಏಳೂ ಜನರ ಮುಂದೆ ಆ ದಿನ ನಾನು ದೊಡ್ಡ ವಕೀಲರ ಹಾಗೆ ಮೆರೆದೆ.

ಆ ಕರಾರಿನ ಕೊನೆಯ ಹಾಳೆಯಲ್ಲಿ ಒಂದು ಸಣ್ಣ ಪಟ್ಟಿ ಇತ್ತು. ಮಾಲಿನ ಹೆಸರು, ಬಾಳಿಕೆಯ ದಿನ, ನಿವ್ವಳ ತೂಕ ೩೩೦ ಗ್ರಾಂ, ದರ. ಸೊಸೆ ಅಲ್ಲಿ ತಡೆದಳು. ನಮ್ಮ ರೊಟ್ಟಿ ಒಂದೊಂದು ಮೂವತ್ತು ಗ್ರಾಂ ತೂಗುತ್ತದೆ, ಮುನ್ನೂರಾಗಬೇಕಿತ್ತಲ್ಲ ಅತ್ತೀ ಎಂದಳು. ನಾನು ಜಗಳದ ಗುಂಗಿನಲ್ಲಿದ್ದೆ. ಚೀಲದ ತೂಕ ಸೇರಿಸಿರಬೇಕು, ಮುಂದೆ ಓದು ಎಂದೆ. ತೂಕದ ಲೆಕ್ಕದಲ್ಲಿ ರೊಟ್ಟಿ ಮಾರಿದವಳು ನಾನಲ್ಲ, ನನ್ನ ತಲೆಯಲ್ಲಿ ಇದ್ದದ್ದು ಹತ್ತು ಎಂಬ ಎಣಿಕೆ ಒಂದೇ. ಅನುಮಾನ ಪಡಬೇಕಾದ ಜಾಗದಲ್ಲಿ ನಂಬಿ ಸಹಿ ಮಾಡಿದೆ.

ಮೊದಲ ಆದೇಶ ಬಂದಾಗ ಅದರ ಜೊತೆ ಕಂಪನಿಯೇ ಮುದ್ರಿಸಿದ ಲೇಬಲ್ಲಿನ ಸುರುಳಿಗಳೂ ಬಂದವು. ಪ್ಯಾಕೆಟ್ ಕಟ್ಟುವಾಗ ಒಬ್ಬಳು ಕೊಸರು ಇಡಬೇಕೇ ಎಂದು ಕೇಳಿದಳು. ಕಂಪನಿಗೇನು ಕೊಸರು, ಅದು ಬಾಗಿಲಿಗೆ ಬಂದು ನಿಲ್ಲುತ್ತದೆಯೇ ಎಂದು ನಾನೇ ನಕ್ಕೆ. ಎಣಿಸಿ ಹತ್ತೇ ಇಟ್ಟೆವು. ನಲವತ್ತು ಪೆಟ್ಟಿಗೆ ಟೆಂಪೋದಲ್ಲಿ ಹೋದವು.

ಮರುದಿನ ಮಧ್ಯಾಹ್ನ ಅದೇ ಟೆಂಪೋ ನಲವತ್ತೂ ಪೆಟ್ಟಿಗೆ ಹೊತ್ತುಕೊಂಡು ವಾಪಸು ಬಂತು. ಹುಬ್ಬಳ್ಳಿ ಬೈಪಾಸಿನ ಗೋದಾಮಿನಲ್ಲಿ ಪೆಟ್ಟಿಗೆ ಒಡೆದು ತೂಗಿದ್ದರು. ಲೇಬಲ್ಲಿನಲ್ಲಿ ೩೩೦, ತಕ್ಕಡಿಯಲ್ಲಿ ೩೦೦ರ ಹತ್ತಿರ. ಬರೆದ ತೂಕಕ್ಕಿಂತ ಕಡಿಮೆ ಇರುವ ಮಾಲು ಮಾರಿದರೆ ಅಂಗಡಿಯ ಮೇಲೆಯೇ ಕೇಸು ಬೀಳುತ್ತದೆ, ಹೀಗಾಗಿ ನಿರಾಕರಿಸಿದ್ದೇವೆ ಎಂದು ಚೀಟಿಯಲ್ಲಿತ್ತು. ಗೋದಾಮಿನವನ ತಪ್ಪು ಏನೂ ಇರಲಿಲ್ಲ. ಆದರೆ 'ತೂಕ ಕಡಿಮೆ' ಎಂಬ ಮಾತನ್ನು ನಮ್ಮ ಮನೆಯ ರೊಟ್ಟಿಗೆ ಯಾರೂ ಅಂದಿರಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ.

ಅನುಮಾನಕ್ಕೆ ಒಂದು ಕೆಟ್ಟ ಗುಣ ಇದೆ, ಅದು ಹತ್ತಿರದವರನ್ನೇ ಮೊದಲು ಹಿಡಿಯುತ್ತದೆ. ತೆಳ್ಳಗೆ ಬಡಿದಿರಾ ಎಂದು ಬಡಿಯುವವರ ಮೇಲೆ ಹರಿಹಾಯ್ದೆ. ನೀನು ಓದಿದ್ದರಲ್ಲೇ ತಪ್ಪಿದೆ ಎಂದು ಸೊಸೆಯನ್ನು ಬೈದೆ.  ಅವಳು ಅಡುಗೆಮನೆಯ ತಕ್ಕಡಿ ತಂದು ಹತ್ತು ರೊಟ್ಟಿ ಇಟ್ಟಳು, ಮುನ್ನೂರು. ಇನ್ನೊಂದು ಇಟ್ಟಳು, ಮುನ್ನೂರ ಮೂವತ್ತು.

"ಅತ್ತಿ, ಸ್ಯಾಂಪಲ್ ಕಟ್ಟಿದ್ದು ಯಾರು?" ಎಂದಳು.

ನನ್ನ ಕೈ ನನಗೆ ನೆನಪಾಯಿತು.

ಆ ಹೊತ್ತಿಗೆ ಏಳೂ ಜನ ಸುತ್ತ ಕೂತಿದ್ದರು. ಅವರಲ್ಲಿ ಹಿರಿಯಳು, ಮೂವತ್ತು ವರ್ಷದಿಂದ ರೊಟ್ಟಿ ಬಡಿಯುವವಳು, ಲೆಕ್ಕವನ್ನು ಬಾಯಲ್ಲೇ ಮಾಡಿದಳು. ಬಾಗಿಲಲ್ಲಿ ನೂರಕ್ಕೆ ನಾಲ್ಕು ಕೊಡುತ್ತೇವೆ, ಅದೂ ನಮ್ಮ ಮನಸ್ಸಿದ್ದರೆ. ಇಲ್ಲಿ ಹತ್ತಕ್ಕೆ ಒಂದು, ಅಂದರೆ ನೂರಕ್ಕೆ ಹತ್ತು, ಕಂಪನಿ ಇರುವ ತನಕ. ನೂರಹತ್ತು ಬಡಿದು ನೂರರ ಕೂಲಿ ತೆಗೆದುಕೊಳ್ಳಬೇಕು. "ಕೊಸರ ಕೊಡೂದಕ್ಕ ನನಗ ಬ್ಯಾಸರಿಲ್ಲವಾ. ಅದನ್ನ ಕಾಗದದಾಗ ಬರಸ್ಕೊಂಡ್ರ ಅದು ಕೊಸರಲ್ಲ, ಬಿಟ್ಟಿ" ಎಂದಳು. ಹನ್ನೊಂದು ರೊಟ್ಟಿಯ ಕರಾರು ಹಾಗೇ ಉಳಿದರೆ ಅವಳೂ ಇನ್ನಿಬ್ಬರೂ ಬರುವುದಿಲ್ಲ ಎಂದೂ ಹೇಳಿಬಿಟ್ಟಳು. ಅವಳು ಬರದಿದ್ದರೆ ನಮ್ಮ ರೊಟ್ಟಿ ಕೇಂದ್ರ ಬಾಗಿಲು ಮುಚ್ಚಿದ ಹಾಗೆಯೇ, ಅವಳ ಕೈ ಅಂಥದು.

ಮರುದಿನ ಸೊಸೆಯನ್ನು ಕರೆದುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆ. ಕಂಪನಿಯ ಕಚೇರಿ ಗೋದಾಮಿನ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ನಮ್ಮಂಥವರು ಸಾಲಾಗಿ ಕೂತಿದ್ದರು. ಉಪ್ಪಿನಕಾಯಿಯವರು, ಚಕ್ಕಲಿಯವರು, ಒಬ್ಬರು ಬೆಲ್ಲದವರು. ಎಲ್ಲರೂ ತಮ್ಮ ಚೀಲ ತೊಡೆಯ ಮೇಲೆ ಒತ್ತಿ ಹಿಡಿದಿದ್ದರು. ಎರಡು ತಾಸು ಕೂರಿಸಿದರು. ಕಾಯಿಸುವುದೂ ಚೌಕಾಸಿಯ ಒಂದು ಭಾಗ ಎಂದು ನನಗೆ ಅನಿಸಿತು, ಅದಕ್ಕೆ ಬೇಕೆಂದೇ ನೆಟ್ಟಗೆ ಕೂತೆ.

ಮ್ಯಾನೇಜರ್ ಚಹಾ ತರಿಸಿದರು. ನಾನು ಮುಟ್ಟಲಿಲ್ಲ. ನಮ್ಮ ಮಾತು ಹತ್ತಕ್ಕೆ ಆದದ್ದು, ಲೇಬಲ್ಲು ಮುನ್ನೂರಕ್ಕೆ ತಿದ್ದಿ, ದರ ಅದೇ ಇರಲಿ ಎಂದೆ. ಅವರು ಆಫೀಸಿನ ಕನ್ನಡದಲ್ಲಿ ಶುರು ಮಾಡಿದರು. ತಮ್ಮಲ್ಲಿ ಎಲ್ಲ ತಿಂಡಿಯ ದರವನ್ನೂ ಗ್ರಾಮಿನ ಮೇಲೆ ಹೋಲಿಸುತ್ತಾರೆ, ಮುನ್ನೂರು ಮಾಡಿದರೆ ದರವನ್ನೂ ಅಷ್ಟೇ ಇಳಿಸಬೇಕಾಗುತ್ತದೆ, ಮೆಷಿನ್ನಿನಲ್ಲಿ ರೊಟ್ಟಿ ಮಾಡುವವರೊಬ್ಬರು ಇದಕ್ಕಿಂತ ಅಗ್ಗಕ್ಕೆ ಕೊಡಲು ತಯಾರಿದ್ದಾರೆ. ಆ ಮೆಷಿನ್ನಿನವರು ನಿಜವಾಗಿ ಇದ್ದರೋ ಇಲ್ಲವೋ ನನಗೆ ತಿಳಿಯದು. ಆ ಪ್ಯಾಕೆಟ್ ಒಂದು ತೋರಿಸಿ ಎಂದೆ. ಸದ್ಯ ಇಲ್ಲಿ ಇಲ್ಲ ಎಂದರು.

ಆಮೇಲೆ ಧಾರವಾಡದ ಮಾತಿಗೆ ಇಳಿದರು. ಒಂದು ರೊಟ್ಟಿಗೆ ಯಾಕ್ರೀ ಇಷ್ಟು, ಅದನ್ನ 'ಒಂದು ಫ್ರೀ' ಅಂತ ಲೇಬಲ್ ಮ್ಯಾಲೆ ದೊಡ್ಡದಾಗಿ ಹಾಕಸ್ತೀನಿ, ನಿಮ್ಮ ಹೆಸರೂ ಆಗತದ ಎಂದರು. ನಿಮ್ಮ ಅಂಗಡಿಯಲ್ಲಿ ಇಷ್ಟೊಂದು ಫ್ರೀ ಎಂದು ಬರೆದಿರುತ್ತಾರಲ್ಲ, ಅದರ ಖರ್ಚು ಯಾರದು ಎಂದು ಕೇಳಿದೆ. ಸಾಮಾನ್ಯವಾಗಿ ಮಾಲು ಕೊಡುವವರೇ ಹೊರುತ್ತಾರೆ ಎಂದರು.

"ಹಂಗಾರ ಬೋರ್ಡ್ ನಿಮ್ಮದು, ಫ್ರೀ ನಮ್ಮದು ಅಂದಂಗಾತಲ್ರೀ" ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಅವರ ನಗುವಿನಲ್ಲಿ ಸ್ವಲ್ಪ ಸಿಟ್ಟು ಬೆರೆತಿತ್ತು. ನಾವೇನೂ ಮೋಸ ಮಾಡಿಲ್ಲ, ನೀವು ಕೊಟ್ಟ ಸ್ಯಾಂಪಲ್ಲಿನ ಮೇಲೆಯೇ ತೂಕ ಬರೆದದ್ದು, ನೋಡಿ ಎಂದು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಗುಣಮಟ್ಟ ಪರೀಕ್ಷೆಯ ವರದಿ ಅದು. ಇಂಗ್ಲಿಷಿನ ಸಾಲುಗಳ ನಡುವೆ ಒಂದು ಫೋಟೋ. ತಕ್ಕಡಿಯ ಮೇಲೆ ನಮ್ಮ ಪ್ಯಾಕೆಟ್, ತಕ್ಕಡಿಯಲ್ಲಿ ಹೆಚ್ಚುಕಡಿಮೆ ೩೩೦. ಪ್ಯಾಕೆಟ್ಟಿನ ಬಿಳಿ ಪಟ್ಟಿಯ ಮೇಲೆ ನನ್ನ ಕೈಬರಹ, '೧೦ ರೊಟ್ಟಿ'.

ಸೊಸೆ ಮುಂದಕ್ಕೆ ಬಾಗಿ ಫೋಟೋದ ಕೆಳಗಿನ ಸಾಲು ಓದಿದಳು. ಬರೆದದ್ದು ಹತ್ತು, ಇದ್ದದ್ದು ಹನ್ನೊಂದು ಎಂದು ಅಲ್ಲಿ ಸ್ಪಷ್ಟವಾಗಿ ನಮೂದಾಗಿತ್ತು. ಆರು ಪ್ಯಾಕೆಟ್ಟಿನಲ್ಲೂ ಅದೇ.

ಅಂದರೆ ಇವರು ಎಣಿಸಿದ್ದಾರೆ. ಒಂದು ಹೆಚ್ಚಿದೆ ಎಂದು ಗೊತ್ತಿದ್ದೂ, ಫೋನು ಮಾಡಿ ಕೇಳದೆ, ಆ ಹೆಚ್ಚಿನದನ್ನು ಸದ್ದಿಲ್ಲದೆ ತೂಕದೊಳಗೆ ಸೇರಿಸಿ ಸಹಿ ತೆಗೆದುಕೊಂಡಿದ್ದಾರೆ. ಮ್ಯಾನೇಜರರ ಮುಖ ನೋಡಿದೆ. ಅವರೂ ಆ ಸಾಲನ್ನೇ ನೋಡುತ್ತಿದ್ದರು. ಅದನ್ನು ಅವರು ಮೊದಲೇ ಓದಿದ್ದರೋ ಆಗಲೇ ಓದಿದರೋ, ಈಗಲೂ ನನಗೆ ತಿಳಿದಿಲ್ಲ.

"ಸಾಹೇಬ್ರ, ನೀವು ಧಾರವಾಡದವರು" ಎಂದೆ. "ಹತ್ತು ಅಂತ ಬರದ ಚೀಲದಾಗ ಹನ್ನೊಂದ್ ಇದ್ರ ಅದು ಏನಂತ ನಿಮಗ ಗೊತ್ತಿರಲಿಲ್ಲೇನ್ರಿ?"

ಇನ್ನೊಂದು ಮಾತು ಸೇರಿಸಿ ಆ ಪ್ರಶ್ನೆಯನ್ನು ಹಾಳು ಮಾಡಬಾರದು ಎಂದು ಹಲ್ಲು ಕಚ್ಚಿ ಕೂತೆ. ಕೆಳಗೆ ಬೆಲ್ಲದವರು ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳುತ್ತಿತ್ತು. ಕೊನೆಗೆ ಮ್ಯಾನೇಜರ್ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಆತ್ರಿ, ಮುನ್ನೂರು ಗ್ರಾಂ, ಹತ್ತು ರೊಟ್ಟಿ, ದರ ಅದೇ, ಹೊಸ ಲೇಬಲ್ಲಿನ ಖರ್ಚೂ ನಮ್ಮದೇ ಎಂದರು. ತಿದ್ದಿದ ಹಾಳೆಯನ್ನು ಅಲ್ಲೇ ತೆಗೆಸಿ ಸಹಿ ಹಾಕಿದರು.

ಬಸ್ಸಿನಲ್ಲಿ ಸೊಸೆ ಖುಷಿಯಾಗಿದ್ದಳು. ನಾನೂ ಆಗಬೇಕಿತ್ತು. ಆದರೆ ಅಷ್ಟು ಬೇಗ ಅವರು ಹೂಂ ಎಂದದ್ದು ನನ್ನನ್ನು ಕೊರೆಯತೊಡಗಿತು. ಗ್ರಾಮಿನ ಲೆಕ್ಕ, ಮೆಷಿನ್ನಿನವರು ಎಂದೆಲ್ಲ ಹೇಳಿದವರು ಒಂದು ಗಳಿಗೆಯಲ್ಲಿ ಎಲ್ಲವನ್ನೂ ಬಿಟ್ಟುಕೊಡಬೇಕಾದರೆ ಅವರ ಕೈಯಲ್ಲಿ ಇನ್ನೆಷ್ಟು ಜಾಗ ಇತ್ತು? ನಾನು ಮೊದಲ ದಿನ ಹೇಳಿದ ದರವೇ ಎಷ್ಟು ಕಡಿಮೆಯದಾಗಿರಬೇಕು? ಅದನ್ನು ಅಳೆಯುವ ತಕ್ಕಡಿ ನಮ್ಮ ಬಳಿ ಇಲ್ಲ. ಅವರು ನಮ್ಮ ಹಿಟ್ಟು, ಕಟ್ಟಿಗೆ, ಕೂಲಿ ಎಲ್ಲವನ್ನೂ ಪಡಸಾಲೆಯಲ್ಲಿ ಕೂತು ಕೇಳಿ ಬರೆದುಕೊಂಡು ಹೋಗಿದ್ದರು, ಅವರದೇನೂ ನಮಗೆ ಗೊತ್ತಿರಲಿಲ್ಲ. ನಲವಡಿಯ ಹತ್ತಿರ ಸೊಸೆ ಶೇಂಗಾ ಕೊಂಡು ನನ್ನ ಕೈಗೆ ಹಾಕಿದಳು. ತಿನ್ನುತ್ತಾ ಅದನ್ನೇ ಯೋಚಿಸಿದೆ.

ಹೊಸ ಲೇಬಲ್ಲು ಬಂತು. ಮಾಲು ಹೋಗತೊಡಗಿತು, ಇಂದಿಗೂ ಹೋಗುತ್ತಿದೆ. ಹಿರಿಯಳು ಬರುತ್ತಾಳೆ, ಏಳೂ ಜನ ಇದ್ದಾರೆ. ಪ್ಯಾಕೆಟ್ ಕಟ್ಟುವಾಗ ಇಬ್ಬರು ಎಣಿಸುತ್ತಾರೆ, ಒಬ್ಬಳು ತೂಗುತ್ತಾಳೆ, ಕಟ್ಟುವ ಮೊದಲು ನಾನು ನೋಡುತ್ತೇನೆ. ಒಂದು ಹೆಚ್ಚಾದರೂ ತೆಗೆಯುತ್ತೇನೆ. ಮೊದಮೊದಲು ಕೈ ತಾನೇ ಹನ್ನೊಂದನೆಯದಕ್ಕೆ ಹೋಗುತ್ತಿತ್ತು, ಆಗ ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದರು.

ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಮ್ಯಾನೇಜರ್ ತಮ್ಮ ಸ್ವಂತ ಗಾಡಿಯಲ್ಲಿ ಬಂದರು. ಜೊತೆಗೆ ಅವರ ತಾಯಿ, ಎಪ್ಪತ್ತು ದಾಟಿದವರು, ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ಮನೆಯಲ್ಲಿ ತೊಟ್ಟಿಲ ಕಾರ್ಯ ಇದೆ, ನೂರು ರೊಟ್ಟಿ ಬೇಕು, ಅಂಗಡಿಯದು ಬೇಡ, ಮಾಡುವವರ ಕೈಯಿಂದಲೇ ತರಬೇಕೆಂದು ನಮ್ಮವ್ವನ ಹಟ ಎಂದರು. ನಾನು ಕೂರಲು ಹೇಳಿದೆ. ಮನಸ್ಸಿನಲ್ಲಿ ಮಾತ್ರ, ಇದೇನು ಹೊಸ ಪರೀಕ್ಷೆ ಎಂಬ ಪ್ರಶ್ನೆ. ಅವರ ಫೋನು ಜೇಬಿನಲ್ಲಿದೆಯೋ ಕೈಯಲ್ಲಿದೆಯೋ ಎಂದು ನೋಡಿದೆ. ಕೈಯಲ್ಲಿತ್ತು.

ಆ ತಾಯಿ ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಚಲೋ ಬಡದೀರಿ ಎಂದು ಹಿರಿಯಳಿಗೆ ಹೇಳಿದರು. ನಾನು ಅವರ ಮುಂದೆಯೇ ಎಣಿಸಿ ಬುಟ್ಟಿಯಲ್ಲಿ ಜೋಡಿಸಿದೆ. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ಅವರು ಎದ್ದು ನಿಂತು, ತಮ್ಮ ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಒಡ್ಡಿದರು. ನಾಚಿಕೆಯೂ ಇರಲಿಲ್ಲ, ಬೇಡುವ ಭಾವವೂ ಇರಲಿಲ್ಲ. ಎಣಿಕೆ ಮುಗಿದ ಮೇಲೆ ಹಿರಿಯರು ನಿಲ್ಲುವ ರೀತಿಯೇ ಅದು, ನಾನು ಚಿಕ್ಕಂದಿನಿಂದ ನೋಡಿದ್ದೇ.

ನನ್ನ ಕೈ ಏಳಲಿಲ್ಲ. ಇಟ್ಟರೆ ಇದೂ ಒಂದು ಫೋಟೋ ಆಗಿ ಕರಾರಿಗೆ ಸೇರೀತೆಂದು ಮಗನ ಕೈಯಲ್ಲಿದ್ದ ಫೋನನ್ನೇ ನೋಡುತ್ತಾ ನಿಂತೆ.

"ಕೊಸರಿಲ್ಲೇನವಾ?" ಎಂದರು ಆ ತಾಯಿ.

"ಕೊಸರು ಕೊಡೂದು ಬಿಟ್ಟೀವ್ರಿ" ಎಂದು ನನ್ನ ಬಾಯಿ ಹೇಳಿತು.

ಅದು ಸುಳ್ಳು. ಅಂದು ಬೆಳಿಗ್ಗೆಯೇ ಖಾನಾವಳಿಯವರಿಗೆ ನಾಲ್ಕು ಇಟ್ಟಿದ್ದೆ. ಹಿಂದೆ ಕೂತಿದ್ದ ಏಳೂ ಜನಕ್ಕೆ ಅದು ಗೊತ್ತಿತ್ತು, ಒಬ್ಬರೂ ತಲೆ ಎತ್ತಲಿಲ್ಲ. ಮ್ಯಾನೇಜರ್ ಫೋನನ್ನು ಜೇಬಿಗೆ ಹಾಕಿಕೊಂಡು ಬುಟ್ಟಿ ಎತ್ತಿಕೊಂಡರು. ಆ ತಾಯಿ ನನ್ನ ಮುಖವನ್ನು ಒಂದು ಸಲ, ಮಗನ ಮುಖವನ್ನು ಒಂದು ಸಲ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಇರ್ಲಿ ಬಿಡವಾ" ಎಂದು ಸೆರಗನ್ನು ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಾ ಮಗನನ್ನು ಕೇಳಿದರು, "ಈಕಿಗೆ ನೀ ಏನರ ಮಾಡೀಯೇನಪಾ?"